ದುಡ್ಡು ಭಾವನದು, ದುಡಿಮೆ ಮೈದುನನದು: ಲಾಭ ಯಾರಿಗೆಷ್ಟು?

ತಾಲ್ಲೂಕು ಕೇಂದ್ರವೊಂದರ ಮುಖ್ಯರಸ್ತೆಯಲ್ಲಿ ಪೈಪು, ನಲ್ಲಿ, ಬಣ್ಣ, ಮೊಳೆ ಮಾರುವ ಹಾರ್ಡ್‌ವೇರ್ ಅಂಗಡಿ ಎಂದು ಇಟ್ಟುಕೊಳ್ಳಿ. ಪಾಲುದಾರರು ಇಬ್ಬರು. ಅಕ್ಕನ ಗಂಡ ಹತ್ತು ಲಕ್ಷ ಹಾಕಿದ್ದಾರೆ, ಅವರಿಗೆ ಬೇರೆ ಉದ್ಯೋಗವಿದೆ, ಅಂಗಡಿಗೆ ಬರುವುದು ಅಪರೂಪ. ಮೈದುನ ಹಾಕಿದ್ದು ನಾಲ್ಕೇ ಲಕ್ಷ, ಆದರೆ ಬೆಳಗ್ಗೆ ಬಾಗಿಲು ತೆಗೆಯುವುದರಿಂದ ರಾತ್ರಿ ಶಟರ್ ಎಳೆಯುವವರೆಗೆ ಅಲ್ಲೇ ನಿಲ್ಲುವವನು ಅವನೇ. ವರ್ಷದ ಕೊನೆಯಲ್ಲಿ ಸರಕಿನ ಬೆಲೆ, ಬಾಡಿಗೆ, ಹುಡುಗರ ಸಂಬಳ, ಕರೆಂಟ್ ಬಿಲ್ಲು ಎಲ್ಲ ಕಳೆದು 7,20,000 ರೂಪಾಯಿ ಲಾಭ ಉಳಿದಿದೆ. ಇದರಲ್ಲಿ ಯಾರಿಗೆ ಎಷ್ಟು?

ಇಬ್ಬರ ನಡುವೆ ಯಾವ ಕರಾರೂ ಇಲ್ಲದಿದ್ದರೆ ಉತ್ತರ ಸರಳ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಮು ಅದನ್ನು ಮೊದಲೇ ಹೇಳಿಟ್ಟಿದೆ: ಲಾಭ ಸಮಪಾಲು. ದುಡಿದವನಿಗೆ ಸಂಬಳವಿಲ್ಲ, ದುಡ್ಡು ಹಾಕಿದವರಿಗೆ ಬಡ್ಡಿಯಿಲ್ಲ. ಯಾರು ಹತ್ತು ಹಾಕಿದರು, ಯಾರು ನಾಲ್ಕು ಹಾಕಿದರು ಎಂದು ಕಾಯ್ದೆ ಕೇಳುವುದಿಲ್ಲ. ಆಗ ಭಾವನಿಗೂ 3,60,000, ಮೈದುನನಿಗೂ 3,60,000. ಮೊದಲ ವರ್ಷ ಇಬ್ಬರೂ ಇದನ್ನು ಒಪ್ಪಿಕೊಂಡಾರು. ಎರಡನೇ ವರ್ಷ ಒಬ್ಬರಿಗೆ ತಮ್ಮ ದುಡ್ಡು ಬ್ಯಾಂಕಿನಲ್ಲಿದ್ದರೆ ಎಷ್ಟು ಬಡ್ಡಿ ಬರುತ್ತಿತ್ತು ಎಂಬುದು ನೆನಪಾಗುತ್ತದೆ. ಇನ್ನೊಬ್ಬನಿಗೆ ಬೇರೆಯವರ ಅಂಗಡಿಯಲ್ಲಿ ಮ್ಯಾನೇಜರ್ ಆಗಿದ್ದರೆ ತಿಂಗಳಿಗೆ ಎಷ್ಟು ಸಿಗುತ್ತಿತ್ತು ಎಂಬುದು ನೆನಪಾಗುತ್ತದೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ.

ಪಾಲುದಾರಿಕೆ ಸಂಸ್ಥೆಯ ಲೆಕ್ಕದಲ್ಲಿ ಬಂಡವಾಳದ ಬಡ್ಡಿ, ಪಾಲುದಾರರ ಸಂಬಳ, ಲಾಭದ ಪಾಲು ಎಂದು ಮೂರು ಬೇರೆ ಬೇರೆ ನಮೂದುಗಳಿರುವುದು ಈ ಕಾರಣಕ್ಕೇ. ಹಾಕಿದ ದುಡ್ಡಿಗೆ ಒಂದು, ಮಾಡಿದ ಕೆಲಸಕ್ಕೆ ಒಂದು, ನಷ್ಟವಾದರೆ ಹೊರುತ್ತೇನೆಂದು ಒಪ್ಪಿಕೊಂಡ ಹೊಣೆಗೆ ಒಂದು. ಈ ಮೂರನ್ನು ಬಿಡಿಸಿ ಇಟ್ಟರೆ ಮಾತ್ರ ಯಾರಿಗೆ ಯಾವುದಕ್ಕಾಗಿ ಎಷ್ಟು ಹೋಯಿತು ಎಂದು ಕಾಣುತ್ತದೆ.

ನಮ್ಮ ಅಂಗಡಿಯವರು ಪಾಲುದಾರಿಕೆ ಪತ್ರ ಮಾಡಿಕೊಂಡಿದ್ದಾರೆ ಎನ್ನೋಣ. ಅದರಲ್ಲಿ ಹೀಗಿದೆ: ಬಂಡವಾಳದ ಮೇಲೆ ವರ್ಷಕ್ಕೆ ಶೇಕಡಾ 12ರ ಸರಳ ಬಡ್ಡಿ, ಮೈದುನನಿಗೆ ತಿಂಗಳಿಗೆ 20,000 ಸಂಬಳ, ಉಳಿದ ಲಾಭ ಅಥವಾ ನಷ್ಟ ಭಾವನಿಗೆ ಮೂರು ಪಾಲು, ಮೈದುನನಿಗೆ ಎರಡು ಪಾಲು. ವರ್ಷ 2024-25. ನಡುವೆ ಅಕ್ಟೋಬರ್ 1ರಂದು ದೀಪಾವಳಿ ಹೊತ್ತಿನ ಸರಕು ತುಂಬಲು ಭಾವ ಮತ್ತೆ ಎರಡು ಲಕ್ಷ ತಂದುಕೊಟ್ಟಿದ್ದಾರೆ.

ಮೊದಲು ಬಡ್ಡಿ. ಹತ್ತು ಲಕ್ಷ ಇಡೀ ವರ್ಷ ಅಂಗಡಿಯಲ್ಲಿತ್ತು, ಅದಕ್ಕೆ 1,20,000. ಅಕ್ಟೋಬರಿನ ಎರಡು ಲಕ್ಷ ಆರೇ ತಿಂಗಳು ಇತ್ತು, ಅದಕ್ಕೆ 12,000. ಭಾವನ ಬಡ್ಡಿ ಒಟ್ಟು 1,32,000. ಮೈದುನನ ನಾಲ್ಕು ಲಕ್ಷಕ್ಕೆ 48,000. ಮಾರ್ಚ್ 31ರಂದು ಪುಸ್ತಕದಲ್ಲಿ ಇದು ಹೀಗೆ ಕೂರುತ್ತದೆ:

ಲಾಭ-ನಷ್ಟ ಹಂಚಿಕೆ ಖಾತೆ: ಡೆಬಿಟ್ 1,80,000
ಭಾವನ ಬಂಡವಾಳ ಖಾತೆಗೆ: ಕ್ರೆಡಿಟ್ 1,32,000
ಮೈದುನನ ಬಂಡವಾಳ ಖಾತೆಗೆ: ಕ್ರೆಡಿಟ್ 48,000

ಮೊದಲ ಸಾಲಿನ ಖಾತೆಯ ಹೆಸರನ್ನು ಗಮನಿಸಿ. ಅದು ಲಾಭ-ನಷ್ಟ ಖಾತೆಯಲ್ಲ, ಲಾಭ-ನಷ್ಟ ಹಂಚಿಕೆ ಖಾತೆ. ಬಾಡಿಗೆಯೂ ಹುಡುಗರ ಸಂಬಳವೂ ಲಾಭ ಎಷ್ಟೆಂದು ತಿಳಿಯುವ ಮೊದಲೇ ಕಳೆಯಬೇಕಾದ ಖರ್ಚು, ಅವು ಲಾಭ-ನಷ್ಟ ಖಾತೆಗೆ ಸೇರುತ್ತವೆ. ಪಾಲುದಾರರ ಬಡ್ಡಿ ಮತ್ತು ಸಂಬಳ ಹಾಗಲ್ಲ. ಲಾಭ 7,20,000 ಎಂದು ನಿಕ್ಕಿಯಾದ ಮೇಲೆ ಆ ಮೊತ್ತವನ್ನು ಇಟ್ಟುಕೊಂಡು ಮಾಡುವ ಹಂಚಿಕೆ ಅವು. ಇದೊಂದು ಗೆರೆ ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಸಂಬಳದ ನಮೂದೂ ಇದೇ ರೀತಿ: ಹಂಚಿಕೆ ಖಾತೆಗೆ ಡೆಬಿಟ್ 2,40,000, ಮೈದುನನ ಬಂಡವಾಳ ಖಾತೆಗೆ ಅಷ್ಟೇ ಕ್ರೆಡಿಟ್. ಈಗ ಉಳಿದದ್ದು ಸರಿಯಾಗಿ 3,00,000. ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟರೆ ಮೂರಕ್ಕೆ ಎರಡರಂತೆ ಭಾವನಿಗೆ 1,80,000, ಮೈದುನನಿಗೆ 1,20,000. ಎಲ್ಲ ಕೂಡಿದರೆ ಭಾವನಿಗೆ ಬಂದದ್ದು 3,12,000, ಮೈದುನನಿಗೆ 4,08,000. ಪತ್ರವಿಲ್ಲದೆ ಸಮಪಾಲು ಮಾಡಿದ್ದರೆ ಬರುತ್ತಿದ್ದ 3,60,000ಕ್ಕೆ ಹೋಲಿಸಿದರೆ 48,000 ರೂಪಾಯಿ ಭಾವನಿಂದ ಮೈದುನನ ಕಡೆ ಸರಿದಿದೆ. ಬಂಡವಾಳ ಹೆಚ್ಚು ಹಾಕಿದವರಿಗೇ ಹೆಚ್ಚು ಪಾಲೂ ಬಡ್ಡಿಯೂ ಇದ್ದರೂ, ದುಡಿಮೆಗೆ ಬೆಲೆ ಕಟ್ಟಿದ ಕೂಡಲೇ ತಕ್ಕಡಿ ಅತ್ತ ವಾಲಿತು.

ಇನ್ನು ಅತಿ ಹೆಚ್ಚು ಎಡವಟ್ಟಾಗುವ ಜಾಗಕ್ಕೆ ಬರೋಣ. ಮೈದುನನಿಗೆ ಸಂಬಳ ತಿಂಗಳಿಗೆ 20,000 ಎಂದು ಪತ್ರದಲ್ಲಿದೆ. ಆದರೆ ಮನೆಯ ರೇಷನ್, ಮಕ್ಕಳ ಫೀಸು ಎಂದು ಅವನು ಗಲ್ಲಾದಿಂದ ತಿಂಗಳಿಗೆ 30,000 ತೆಗೆದುಕೊಂಡು ಹೋಗುತ್ತಾನೆ. ಇವೆರಡೂ ಬೇರೆ ಬೇರೆ ಸಂಗತಿಗಳು. ಸಂಬಳ ಎಂಬುದು ಅವನ ಖಾತೆಗೆ ಜಮಾ ಆಗುವ ಹಕ್ಕು, ಗಲ್ಲಾದಿಂದ ತೆಗೆದದ್ದು ಅವನ ಖಾತೆಯಿಂದ ಹೋದ ದುಡ್ಡು. ಎರಡನೆಯದಕ್ಕೆ ಲೆಕ್ಕದಲ್ಲಿ ಡ್ರಾಯಿಂಗ್ಸ್ ಎನ್ನುತ್ತಾರೆ. ವರ್ಷಕ್ಕೆ 3,60,000 ಆಗುವ ಈ ಮೊತ್ತವನ್ನು ಮೈದುನನ ಡ್ರಾಯಿಂಗ್ಸ್ ಖಾತೆಗೆ ಡೆಬಿಟ್, ನಗದು ಖಾತೆಗೆ ಕ್ರೆಡಿಟ್ ಮಾಡಿ, ವರ್ಷದ ಕೊನೆಯಲ್ಲಿ ಅವನ ಬಂಡವಾಳ ಖಾತೆಯಿಂದ ಕಳೆಯಬೇಕು. ಅದು ಲಾಭವನ್ನು ಒಂದು ರೂಪಾಯಿಯಷ್ಟೂ ಮುಟ್ಟಬಾರದು.

ಆದರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಪ್ರತಿ ತಿಂಗಳೂ “ಸಂಬಳ 30,000” ಎಂದು ಬರೆದುಬಿಡುತ್ತಾನೆ. ಕಂಪ್ಯೂಟರಿನಲ್ಲಿ ಅದು ನೇರವಾಗಿ ನೌಕರರ ಸಂಬಳದ ಲೆಡ್ಜರಿಗೆ ಹೋಗಿ ಕೂರುತ್ತದೆ. ವರ್ಷಾಂತ್ಯಕ್ಕೆ ಲಾಭ 7,20,000ರ ಬದಲು 3,60,000 ಎಂದು ತೋರುತ್ತದೆ. ಅದರ ಮೇಲೆ ಪತ್ರದ ಪ್ರಕಾರ ಬಡ್ಡಿ 1,80,000, ಸಂಬಳ 2,40,000 ಮತ್ತೆ ಹಾಕಿದರೆ 60,000 ನಷ್ಟ! ಆ ನಷ್ಟದಲ್ಲಿ 36,000 ಭಾವನ ತಲೆಗೆ. ಚೆನ್ನಾಗಿ ನಡೆದ ಅಂಗಡಿ ಕಾಗದದಲ್ಲಿ ನಷ್ಟದ ಅಂಗಡಿಯಾಗುತ್ತದೆ, ಭಾವನ ಮನಸ್ಸಿನಲ್ಲಿ ಸಲ್ಲದ ಅನುಮಾನವೊಂದು ಹುಟ್ಟುತ್ತದೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ದಿನವೂ ಅಂಗಡಿಯ ದುಡ್ಡಿನಿಂದಲೇ ಮನೆ ನಡೆಸುವ ಪಾಲುದಾರನ ಬಂಡವಾಳ ಖಾತೆಯಲ್ಲಿ ಡ್ರಾಯಿಂಗ್ಸ್ ಸೊನ್ನೆ ಇದ್ದರೆ, ಆ ದುಡ್ಡು ಬೇರೆಲ್ಲೋ ಖರ್ಚಾಗಿ ಅವಿತುಕೊಂಡಿದೆ ಎಂದೇ ಅರ್ಥ. ಸಂಬಳದ ಲೆಡ್ಜರ್ ತೆರೆದು ಕೆಲಸದ ಹುಡುಗರ ಹಾಜರಿಯೊಂದಿಗೆ ತಾಳೆ ನೋಡಿದರೆ ಹತ್ತು ನಿಮಿಷದಲ್ಲಿ ಸಿಗುತ್ತದೆ.

ಅಕ್ಟೋಬರಿನ ಆ ಎರಡು ಲಕ್ಷದ ವಿಷಯವೂ ಸ್ವಲ್ಪ ನಿಂತು ನೋಡಬೇಕಾದದ್ದು. ಬಂಡವಾಳ ಎಂದುಕೊಂಡು ನಾವು ಮೇಲೆ ಶೇಕಡಾ 12ರಂತೆ ಬಡ್ಡಿ ಹಾಕಿದೆವು. ಭಾವ “ತಗೋಪ್ಪಾ, ಸದ್ಯಕ್ಕೆ ಇಟ್ಕೊ, ಸೀಸನ್ ಮುಗಿದ ಮೇಲೆ ಕೊಡುವಂತೆ” ಎಂದು ಕೊಟ್ಟಿದ್ದರೆ ಅದು ಬಂಡವಾಳವಲ್ಲ, ಸಂಸ್ಥೆಗೆ ಅವರು ಕೊಟ್ಟ ಸಾಲ. ಸಾಲಕ್ಕೆ ಬಡ್ಡಿ ಎಷ್ಟೆಂದು ಮಾತಾಗದೇ ಇದ್ದರೆ ಕಾಯ್ದೆಯೇ ಶೇಕಡಾ 6 ಎಂದು ಗೊತ್ತುಮಾಡಿದೆ. ಆರು ತಿಂಗಳಿಗೆ 6,000. ಮೊತ್ತ ಕಡಿಮೆಯಾದರೂ ಅದಕ್ಕೆ ಬೇರೊಂದು ಬಲವಿದೆ. ಬಂಡವಾಳದ ಬಡ್ಡಿಯನ್ನು ಲಾಭದಿಂದ ಮಾತ್ರ ಕೊಡಬೇಕೆಂದು 13ನೇ ಕಲಮು ಹೇಳುತ್ತದೆ, ಲಾಭವಿಲ್ಲದ ವರ್ಷ ಅದು ಇಲ್ಲ. ಸಾಲದ ಬಡ್ಡಿ ಹಾಗಲ್ಲ, ನಷ್ಟವಾದರೂ ಕೊಡಲೇಬೇಕು, ಅದು ಬಾಡಿಗೆಯಂತೆ ಖರ್ಚಿನ ಸಾಲಿಗೆ ಸೇರುತ್ತದೆ. ಮುಂದೊಂದು ದಿನ ಅಂಗಡಿ ಮುಚ್ಚಿ ಲೆಕ್ಕ ಚುಕ್ತಾ ಮಾಡುವಾಗಲೂ 48ನೇ ಕಲಮಿನ ಪ್ರಕಾರ ಹೊರಗಿನವರ ಬಾಕಿ ತೀರಿದ ಮೇಲೆ ಮೊದಲು ಪಾಲುದಾರರ ಸಾಲ, ಆಮೇಲೆ ಬಂಡವಾಳ. ಹಾಗಾಗಿ ದುಡ್ಡು ಬಂದ ದಿನ ರಸೀದಿಯಲ್ಲೂ ಕಿರ್ದಿಯಲ್ಲೂ “ಬಂಡವಾಳ” ಎಂದು ಬರೆಯುತ್ತೇವೋ “ಸಾಲ” ಎಂದು ಬರೆಯುತ್ತೇವೋ ಎಂಬುದು ಅಲ್ಲಿಗೇ ತೀರ್ಮಾನವಾಗಬೇಕು. ಮೂರು ವರ್ಷದ ನಂತರ ನೆನಪಿನಿಂದ ಹೇಳುವ ಮಾತಿಗೆ ಇಬ್ಬರೂ ಒಪ್ಪುವುದು ಕಷ್ಟ.

ಒಳ್ಳೆಯ ವರ್ಷದಲ್ಲಿ ಪಾಲುದಾರಿಕೆ ಪತ್ರದ ದೋಷಗಳು ಕಾಣುವುದಿಲ್ಲ. ಎಲ್ಲರಿಗೂ ಸಾಕಷ್ಟು ಸಿಕ್ಕಿರುತ್ತದೆ. ಅದಕ್ಕೆ ಒಂದು ಕೆಟ್ಟ ವರ್ಷವನ್ನು ಊಹಿಸಿ ನೋಡೋಣ. ಎಲ್ಲವೂ ಹಾಗೇ ಇದೆ, ಲಾಭ ಮಾತ್ರ 1,20,000. ಕೊಡಬೇಕಾದ ಬಡ್ಡಿಯೇ 1,80,000, ಸಂಬಳ ಸೇರಿದರೆ 4,20,000. ಇರುವ ಅಷ್ಟರಲ್ಲಿ ಯಾರಿಗೆ ಎಷ್ಟು ಎಂಬುದು ಪೂರ್ತಿಯಾಗಿ ಪತ್ರದ ಒಂದು ವಾಕ್ಯದ ಮೇಲೆ ನಿಂತಿದೆ.

ಮೊದಲು ಬಡ್ಡಿ, ಉಳಿದರೆ ಸಂಬಳ ಎಂದು ಪತ್ರದಲ್ಲಿದ್ದರೆ, ಇರುವ 1,20,000 ಬಡ್ಡಿಗೇ ಸಾಲದು. ಆಗ ಇಬ್ಬರ ಬಡ್ಡಿಯ ಪ್ರಮಾಣದಲ್ಲಿ ಹಂಚಬೇಕು: ಭಾವನಿಗೆ 88,000, ಮೈದುನನಿಗೆ 32,000. ವರ್ಷವಿಡೀ ಅಂಗಡಿಯಲ್ಲಿ ನಿಂತವನಿಗೆ ಸಂಬಳ ಸೊನ್ನೆ. ಮೊದಲು ಸಂಬಳ ಎಂದಿದ್ದರೆ ಪೂರಾ 1,20,000 ಮೈದುನನಿಗೆ, ಭಾವನ ಹನ್ನೆರಡು ಲಕ್ಷಕ್ಕೆ ಏನೂ ಇಲ್ಲ. ಯಾವುದು ಮೊದಲು ಎಂದು ಹೇಳದೆ ಎರಡನ್ನೂ ಲಾಭದಿಂದ ಕೊಡತಕ್ಕದ್ದು ಎಂದಷ್ಟೇ ಇದ್ದರೆ, ಒಬ್ಬೊಬ್ಬರ ಒಟ್ಟು ಹಕ್ಕಿನ ಪ್ರಮಾಣದಲ್ಲಿ ಹಂಚುವುದು ಲೆಕ್ಕಶಾಸ್ತ್ರದ ರೂಢಿ. ಭಾವನ ಹಕ್ಕು 1,32,000, ಮೈದುನನದು ಬಡ್ಡಿ ಸಂಬಳ ಸೇರಿ 2,88,000. ಆ ಲೆಕ್ಕದಲ್ಲಿ ಭಾವನಿಗೆ ಸುಮಾರು 37,714, ಮೈದುನನಿಗೆ 82,286.

ನಾಲ್ಕನೆಯ ದಾರಿಯೂ ಒಂದಿದೆ. ಲಾಭವಿರಲಿ ಬಿಡಲಿ ಬಡ್ಡಿಯನ್ನೂ ಸಂಬಳವನ್ನೂ ಪೂರ್ತಿ ಕೊಡತಕ್ಕದ್ದು ಎಂದು ಪತ್ರ ಸ್ಪಷ್ಟವಾಗಿ ಹೇಳಿದ್ದರೆ, ಅವು ಹಂಚಿಕೆಯಾಗದೆ ಖರ್ಚೇ ಆಗುತ್ತವೆ. ಆಗ 1,20,000ದಿಂದ 4,20,000 ಕಳೆದು ಮೂರು ಲಕ್ಷ ನಷ್ಟ ಬರುತ್ತದೆ. ಆ ನಷ್ಟ ಮೂರಕ್ಕೆ ಎರಡರಂತೆ ಹಂಚಿಕೆಯಾಗುತ್ತದೆ. ಭಾವನಿಗೆ 1,32,000 ಬಡ್ಡಿ ಜಮಾ ಆಗಿ 1,80,000 ನಷ್ಟ ಖರ್ಚು ಬಿದ್ದು, ಕೊನೆಗೆ ಅವರ ಬಂಡವಾಳದಿಂದಲೇ 48,000 ಕರಗುತ್ತದೆ. ಮೈದುನನಿಗೆ 2,88,000 ಬಂದು 1,20,000 ಹೋಗಿ 1,68,000 ಉಳಿಯುತ್ತದೆ. ಅಂಗಡಿ ಅದೇ, ಲಾಭ ಅದೇ, ವಾಕ್ಯ ಬೇರೆ. ಭಾವನ ಕೈಗೆ 88,000 ಬರುವುದಕ್ಕೂ ಕೈಯಿಂದ 48,000 ಹೋಗುವುದಕ್ಕೂ ನಡುವಿನ ಅಂತರ ಅಷ್ಟೇ. ಪತ್ರ ಬರೆಸುವಾಗ ಲಾಭದ ಪಾಲಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಈ ವಾಕ್ಯವನ್ನು ಅಚ್ಚಿನ ನಮೂನೆಯಲ್ಲಿ ಹೇಗಿದೆಯೋ ಹಾಗೇ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಮೊದಲು ಕೂತು ಮಾತಾಡಬೇಕಾದದ್ದು ಇದು. ದುಡಿಯುವ ಪಾಲುದಾರನಿಗೆ ಬೇರೆ ಆದಾಯವಿಲ್ಲದಿದ್ದರೆ ಸಂಬಳ ಮೊದಲು ಎಂದಿರುವುದು ನ್ಯಾಯ ಎಂದು ನನಗನ್ನಿಸುತ್ತದೆ, ಏಕೆಂದರೆ ಕೆಟ್ಟ ವರ್ಷದಲ್ಲೂ ಅವನ ಮನೆಯಲ್ಲಿ ಒಲೆ ಹೊತ್ತಬೇಕು.

ಒಳ್ಳೆಯ ವರ್ಷಕ್ಕೆ ಹಿಂತಿರುಗಿ, ಬದಿಗಿಟ್ಟಿದ್ದ ತೆರಿಗೆಯನ್ನು ಕೈಗೆತ್ತಿಕೊಳ್ಳೋಣ. ಪಾಲುದಾರಿಕೆ ಸಂಸ್ಥೆ ತನ್ನ ಆದಾಯಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್, ಒಟ್ಟು ಶೇಕಡಾ 31.2 ಕಟ್ಟುತ್ತದೆ. ಒಬ್ಬ ವ್ಯಕ್ತಿಗೆ ಇರುವಂತೆ ಇಷ್ಟು ಲಕ್ಷದವರೆಗೆ ತೆರಿಗೆಯಿಲ್ಲ ಎಂಬ ರಿಯಾಯಿತಿ ಸಂಸ್ಥೆಗಿಲ್ಲ, ಮೊದಲ ರೂಪಾಯಿಯಿಂದಲೇ ಶುರು. ಇಲ್ಲಿ ಲೆಕ್ಕಶಾಸ್ತ್ರಕ್ಕೂ ತೆರಿಗೆ ಕಾನೂನಿಗೂ ಒಂದು ಭೇದವಿದೆ. ನಾವು ಹಂಚಿಕೆ ಎಂದು ಕರೆದ ಬಡ್ಡಿ ಮತ್ತು ಸಂಬಳವನ್ನು ತೆರಿಗೆ ಕಾನೂನು ಸಂಸ್ಥೆಯ ಖರ್ಚೆಂದು ಒಪ್ಪುತ್ತದೆ, ಆದರೆ ಷರತ್ತಿನ ಮೇಲೆ. ಬಡ್ಡಿ ಶೇಕಡಾ 12 ಮೀರಬಾರದು. ಸಂಬಳ ದುಡಿಯುವ ಪಾಲುದಾರನಿಗೆ ಮಾತ್ರ. ಎರಡೂ ಪಾಲುದಾರಿಕೆ ಪತ್ರದಲ್ಲಿ ಇರಲೇಬೇಕು. ಸಂಬಳಕ್ಕೆ ಮಿತಿಯೂ ಉಂಟು: 2024-25ರಿಂದ, ಬಡ್ಡಿ ಕಳೆದ ಮೇಲಿನ ಪುಸ್ತಕ ಲಾಭದ ಮೊದಲ ಆರು ಲಕ್ಷಕ್ಕೆ ಮೂರು ಲಕ್ಷ ಅಥವಾ ಶೇಕಡಾ 90, ಯಾವುದು ಹೆಚ್ಚೋ ಅದು, ಅದಕ್ಕೂ ಮೇಲಿನದಕ್ಕೆ ಶೇಕಡಾ 60. ನಮ್ಮ ಅಂಗಡಿಯಲ್ಲಿ ಬಡ್ಡಿ ಕಳೆದು 5,40,000 ಇದೆ, ಅದರ ಶೇಕಡಾ 90 ಎಂದರೆ 4,86,000. ನಾವು ಕೊಟ್ಟ 2,40,000 ಅದರೊಳಗೆ ಆರಾಮವಾಗಿ ಬರುತ್ತದೆ.

ಹಾಗಾಗಿ, ಸವಕಳಿಯಂಥ ಬೇರೆ ವ್ಯತ್ಯಾಸಗಳಿಲ್ಲದಿದ್ದರೆ, ತೆರಿಗೆ ಬೀಳುವುದು ಉಳಿದ ಮೂರು ಲಕ್ಷದ ಮೇಲೆ ಮಾತ್ರ: 93,600. ಪತ್ರದಲ್ಲಿ ಬಡ್ಡಿ ಸಂಬಳದ ಮಾತೇ ಇಲ್ಲದೆ ಹೋಗಿದ್ದರೆ ಇಡೀ 7,20,000ಕ್ಕೆ 2,24,640 ಕಟ್ಟಬೇಕಿತ್ತು. ವ್ಯತ್ಯಾಸ 1,31,040. ಬಡ್ಡಿಯೂ ಸಂಬಳವೂ ಪಾಲುದಾರರ ಕೈಯಲ್ಲಿ ಅವರವರ ವ್ಯಾಪಾರದ ಆದಾಯವಾಗಿ ತೆರಿಗೆಗೆ ಒಳಪಡುತ್ತವೆ ಎಂಬುದು ನಿಜ. “ಸಂಬಳ” ಎಂಬ ಹೆಸರಿದ್ದರೂ ನೌಕರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಇದಕ್ಕಿಲ್ಲ. ಆದರೂ ಬೇರೆ ಆದಾಯವಿಲ್ಲದ ಮೈದುನನಿಗೆ 2,88,000ಕ್ಕೆ ಆ ವರ್ಷ ತೆರಿಗೆ ಬರುವುದಿಲ್ಲ. ಸಂಸ್ಥೆ ತೆರಿಗೆ ಕಟ್ಟಿ ಹಂಚಿದ ಲಾಭದ ಪಾಲಿಗೆ ಇಬ್ಬರಿಗೂ ಮತ್ತೆ ತೆರಿಗೆಯಿಲ್ಲ.

ತೆರಿಗೆ ಕಳೆದು ಹಂಚಲು ಉಳಿದದ್ದು 2,06,400. ಭಾವನಿಗೆ 1,23,840, ಮೈದುನನಿಗೆ 82,560. ಈಗ ಬಂಡವಾಳ ಖಾತೆಗಳನ್ನು ಮುಗಿಸಬಹುದು. ಭಾವ ವರ್ಷದಲ್ಲಿ 90,000 ತೆಗೆದುಕೊಂಡಿದ್ದಾರೆ ಎನ್ನಿ. ಅವರ ಹತ್ತು ಲಕ್ಷಕ್ಕೆ ಎರಡು ಲಕ್ಷ, ಬಡ್ಡಿ, ಪಾಲು ಕೂಡಿ, 90,000 ಕಳೆದರೆ 13,65,840. ಮೈದುನನ ನಾಲ್ಕು ಲಕ್ಷಕ್ಕೆ ಬಡ್ಡಿ, ಸಂಬಳ, ಪಾಲು ಕೂಡಿ, 3,60,000 ಕಳೆದರೆ 4,10,560. ಗಳಿಸಿದ್ದರಲ್ಲಿ ಬಹುಪಾಲು ಮನೆಗೆ ಹೋಗಿ, ಅಂಗಡಿಯಲ್ಲಿ ಉಳಿದದ್ದು 10,560 ಎಂಬುದು ಈ ಖಾತೆಯಿಂದ ಥಟ್ಟನೆ ಕಾಣುತ್ತದೆ.

ಹೀಗೆ ಎಲ್ಲವನ್ನೂ ಒಂದೇ ಖಾತೆಗೆ ಸೇರಿಸಿದರೆ ಬಂಡವಾಳ ವರ್ಷವರ್ಷವೂ ಏರಿಳಿಯುತ್ತದೆ. ಬೇಡವೆಂದರೆ ಬಂಡವಾಳವನ್ನು ಹನ್ನೆರಡು ಲಕ್ಷ, ನಾಲ್ಕು ಲಕ್ಷ ಎಂದು ಸ್ಥಿರವಾಗಿಟ್ಟು, ಬಡ್ಡಿ, ಸಂಬಳ, ಪಾಲು, ಡ್ರಾಯಿಂಗ್ಸ್ ಎಲ್ಲವನ್ನೂ ಪ್ರತ್ಯೇಕ ಚಾಲ್ತಿ ಖಾತೆಯಲ್ಲಿ ಬರೆಯಬಹುದು. ಆಗ ಭಾವನ ಚಾಲ್ತಿ ಖಾತೆಯಲ್ಲಿ 1,65,840, ಮೈದುನನದರಲ್ಲಿ 10,560 ಜಮಾ ಇರುತ್ತದೆ. ಯಾವ ಪದ್ಧತಿ ಎಂಬುದರಿಂದ ಮುಂದಿನ ವರ್ಷದ ಬಡ್ಡಿಯೇ ಬದಲಾಗುತ್ತದೆ: ಸ್ಥಿರ ಪದ್ಧತಿಯಲ್ಲಿ ಭಾವನಿಗೆ ಹನ್ನೆರಡು ಲಕ್ಷದ ಮೇಲೆ, ಏರಿಳಿಯುವ ಪದ್ಧತಿಯಲ್ಲಿ 13,65,840ರ ಮೇಲೆ. ಎರಡರಲ್ಲೂ ಬಡ್ಡಿಯ ಲೆಕ್ಕ ವರ್ಷದ ಆರಂಭದ ಬಾಕಿಯಿಂದ ಶುರುವಾಗಬೇಕು. ಮಾರ್ಚ್ 31ರ ಮೊತ್ತ ಹಿಡಿದು ಬಡ್ಡಿ ಕಟ್ಟಿದರೆ, ಈ ವರ್ಷವೇ ಹುಟ್ಟಿದ ಲಾಭಕ್ಕೆ ಈ ವರ್ಷವೇ ಬಡ್ಡಿ ಕೊಟ್ಟಂತಾಗುತ್ತದೆ.

2025ರ ಏಪ್ರಿಲ್ 1ರಿಂದ ಇನ್ನೊಂದು ನಮೂದು ಸೇರಿಕೊಂಡಿದೆ. ಪಾಲುದಾರನೊಬ್ಬನಿಗೆ ವರ್ಷದಲ್ಲಿ ಕೊಡುವ ಸಂಬಳ, ಬಡ್ಡಿ, ಕಮಿಷನ್ ಎಲ್ಲ ಸೇರಿ 20,000 ದಾಟಿದರೆ ಸಂಸ್ಥೆ ಶೇಕಡಾ 10ರಂತೆ ಟಿಡಿಎಸ್ ಹಿಡಿಯಬೇಕು. ಕೈಗೆ ನಗದು ಕೊಡದೆ ಬಂಡವಾಳ ಖಾತೆಗೆ ಜಮಾ ಮಾಡಿದರೂ ಕೊಟ್ಟಂತೆಯೇ ಲೆಕ್ಕ. ಲಾಭದ ಪಾಲಿಗೆ ಇದು ಅನ್ವಯಿಸುವುದಿಲ್ಲ. ಮೈದುನನ 2,40,000 ಸಂಬಳವೊಂದಕ್ಕೇ 24,000 ಕಡಿತವಾಗುತ್ತದೆ. ಅವನಿಗೆ ತೆರಿಗೆ ಬಾರದಿದ್ದರೂ ಆ ದುಡ್ಡು ವಾಪಸ್ ಪಡೆಯಲು ರಿಟರ್ನ್ ಸಲ್ಲಿಸಲೇಬೇಕು.

ಒಂದು ವೇಳೆ ಮುಂದಿನ ವರ್ಷ ಮೈದುನನ ಸಂಬಳವನ್ನು 30,000ಕ್ಕೆ ಏರಿಸೋಣ ಎಂದು ಇಬ್ಬರೂ ಒಪ್ಪಿದರೆ, ತಿದ್ದುಪಡಿ ಪತ್ರಕ್ಕೆ ಏಪ್ರಿಲ್ ಆರಂಭದಲ್ಲೇ ಸಹಿ ಬೀಳಬೇಕು. ಪತ್ರದ ತಾರೀಖಿಗಿಂತ ಹಿಂದಿನ ಅವಧಿಯ ಸಂಬಳವನ್ನು ತೆರಿಗೆ ಕಾನೂನು ಖರ್ಚೆಂದು ಒಪ್ಪುವುದಿಲ್ಲ. ಮಾರ್ಚಿನಲ್ಲಿ ಆಡಿಟರ್ ಮುಂದೆ ಕೂತು ಹಿಂದಿನ ಹನ್ನೊಂದು ತಿಂಗಳಿಗೂ ಸೇರಿಸಿ ಏರಿಸಿದರೆ, ಪಾಲುದಾರರ ನಡುವೆ ಅದು ನಡೆದೀತು, ತೆರಿಗೆಯ ಲೆಕ್ಕದಲ್ಲಿ ಏರಿಕೆ ಆ ಒಂದು ತಿಂಗಳಿಗಷ್ಟೇ ಸಲ್ಲುತ್ತದೆ.